ಕಸದ ಉಪ್ಪಿನಕಾಯಿ ಹಾಕಾಯ್ತು, ಈಗ ಅದನ್ನ ಏನ್ ಮಾಡೋದು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದೋಕೆ ಅನುಕೂಲವಾಗಲಿ ಅಂತ ಅಲ್ಲಲ್ಲಿ ತಿದ್ದಿದೆ.)



ವಿಷಯಕ್ಕೆ ಬರೋ ಮೊದಲು ಒಂದು ತಪ್ಪೊಪ್ಪಿಗೆ ಇದೆ. ಅಮ್ಮ ತಿಪಟೂರಿನಿಂದ ಬಸ್ಸಿನಲ್ಲಿ ತೊಡೆ ಮೇಲೆ ಇಟ್ಕೊಂಡು ತಂದುಕೊಟ್ಟಿದ್ದ ಕರಿಬೇವಿನ ಗಿಡವನ್ನ ನಾನು ಕೊಂದುಬಿಟ್ಟೆ. ನೀರು ಹಾಕದೆ ಅಲ್ಲ, ಮರೆತು ಅಲ್ಲ. ಗೊಬ್ಬರ ಹಾಕಿ ಕೊಂದೆ. ಅಥವಾ ನಾನು ಗೊಬ್ಬರ ಅಂದ್ಕೊಂಡಿದ್ದನ್ನ ಹಾಕಿ. ಹತ್ತು ದಿನದಲ್ಲಿ ಎಲೆ ಹಳದಿಯಾಯ್ತು, ಆಮೇಲೆ ಉದುರಿತು, ಕೊನೆಗೆ ಕಡ್ಡಿ ಮಾತ್ರ ಉಳೀತು. ಅಮ್ಮ ಫೋನ್‌ನಲ್ಲಿ "ಗಿಡ ಹೆಂಗಿದೆಯೇ?" ಅಂತ ಕೇಳಿದಾಗಲೆಲ್ಲ "ಚೆನ್ನಾಗಿದೆ ಅಮ್ಮ" ಅಂತ ಒಂದು ತಿಂಗಳು ತಳ್ಳಿದೆ.

ನಾನು ಆ ಕುಂಡಕ್ಕೆ ಹಾಕಿದ್ದು ಬೊಕಾಶಿ. ಅಡುಗೆಮನೆ ಕಸವನ್ನ ಗಾಳಿಯಾಡದ ಬಕೆಟ್‌ನಲ್ಲಿ ಹುದುಗಿಸೋ ಜಪಾನಿ ಪದ್ಧತಿ. ಫ್ಲ್ಯಾಟ್‌ನಲ್ಲಿ ಇರೋರಿಗೆ ಇದನ್ನ ತುಂಬ ಜನ ಹೇಳ್ತಾರೆ: ವಾಸನೆ ಇಲ್ಲ, ಹುಳ ಇಲ್ಲ, ಅನ್ನ ಮೀನು ಎಲ್ಲ ಹಾಕಬಹುದು, ಎರಡು ವಾರದಲ್ಲಿ ರೆಡಿ. ಇದರಲ್ಲಿ ಹೆಚ್ಚಿನದು ನಿಜಾನೇ. ತೊಂದರೆ ಇರೋದು ಆ "ರೆಡಿ" ಅನ್ನೋ ಮಾತಲ್ಲಿ. ಎರಡು ವಾರದ ನಂತರ ಬಕೆಟ್ ತೆಗೆದರೆ ಒಳಗೆ ಇರೋದು ಗೊಬ್ಬರ ಅಲ್ಲ, ಉಪ್ಪಿನಕಾಯಿ. ಆ ಉಪ್ಪಿನಕಾಯಿಯನ್ನ ಮೂರನೇ ಮಹಡಿಯ ಒಂದು ಸಣ್ಣ ಮನೆಯಲ್ಲಿ ಎಲ್ಲಿಡೋದು, ಏನು ಮಾಡೋದು ಅನ್ನೋದೇ ಇವತ್ತಿನ ಸಂಚಿಕೆ.

ಕೊಳೆಯೋದು ಬೇರೆ, ಹುಳಿ ಬರೋದು ಬೇರೆ

ಮೊದಲು ಬಕೆಟ್ ಒಳಗೆ ಏನಾಗುತ್ತೆ ಅಂತ ನೋಡೋಣ. ಇದು ಅರ್ಥ ಆದರೆ ಮಿಕ್ಕಿದ್ದೆಲ್ಲ ತಾನಾಗೇ ಅರ್ಥ ಆಗುತ್ತೆ.

ಮಾಮೂಲಿ ಕಾಂಪೋಸ್ಟ್‌ನಲ್ಲಿ ಗಾಳಿ ಬೇಕು. ಗಾಳಿಯಲ್ಲಿ ಬದುಕೋ ಸೂಕ್ಷ್ಮಜೀವಿಗಳು ಕಸವನ್ನ ತಿಂತಾವೆ, ರಾಶಿ ಬಿಸಿಯಾಗುತ್ತೆ, ಕುಗ್ಗುತ್ತೆ, ಕೊನೆಗೆ ಕಪ್ಪು ಮಣ್ಣಿನಂತಾಗುತ್ತೆ. ಬೊಕಾಶಿಯಲ್ಲಿ ನಾವು ಇದರ ಉಲ್ಟಾ ಮಾಡ್ತೀವಿ. ಗಾಳಿಯನ್ನ ಹೊರಗೆ ತಳ್ಳಿ ಮುಚ್ಚಳ ಹಾಕ್ತೀವಿ. ಆಗ ಗೆಲ್ಲೋದು ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾ. ದೋಸೆ ಹಿಟ್ಟನ್ನ ಹುಳಿ ಮಾಡೋದು, ಹಾಲನ್ನ ಮೊಸರು ಮಾಡೋದು ಇದೇ ಕುಟುಂಬದವು. ಕಸದಲ್ಲಿರೋ ಸಕ್ಕರೆಯನ್ನ ತಿಂದು ಆಮ್ಲ ಬಿಡ್ತಾವೆ. ಒಳಗಿನ ಪಿಎಚ್ ನಾಲ್ಕರ ಹತ್ತಿರ ಇಳಿಯುತ್ತೆ. ಅಷ್ಟು ಹುಳಿಯಲ್ಲಿ ಕೊಳೆಸೋ ಬ್ಯಾಕ್ಟೀರಿಯಾ ಬದುಕಲ್ಲ. ಅದಕ್ಕೇ ಕೆಟ್ಟ ವಾಸನೆ ಬರಲ್ಲ.

ನಮ್ಮ ದೊಡ್ಡಪ್ಪ ಊರಲ್ಲಿ ಹಸು ಸಾಕಿದ್ದಾರೆ. ಅವರಿಗೆ ಇದನ್ನ ವಿವರಿಸೋಕೆ ಹೋದರೆ ಎರಡನೇ ವಾಕ್ಯಕ್ಕೇ ನಿಲ್ಲಿಸಿದ್ರು. "ರಸಮೇವು ಕಣಮ್ಮ ಅದು. ಜೋಳದ ಕಡ್ಡಿ ಕತ್ತರಿಸಿ, ಗುಂಡಿಯಲ್ಲಿ ತುಳಿದು, ಟಾರ್ಪಾಲ್ ಹೊದಿಸಿ ಮುಚ್ಚಲ್ವಾ? ಅದೇ." ನಿಜ, ಅದೇ. ಹಸಿರು ಮೇವು ಕೆಡದೆ ತಿಂಗಳುಗಟ್ಟಲೆ ಉಳಿಯೋ ಕಾರಣಕ್ಕೇ ಬೊಕಾಶಿ ಬಕೆಟ್‌ನಲ್ಲಿ ಕಸವೂ ಕೆಡದೆ ಉಳಿಯುತ್ತೆ. ಆದ್ರೆ ರಸಮೇವು ಯಾರೂ ಗಿಡದ ಬುಡಕ್ಕೆ ಹಾಕಲ್ಲ. ಈ ಮಾತು ನೆನಪಿಟ್ಟುಕೊಳ್ಳಿ.

ಜಪಾನಿನಲ್ಲಿ ರೈತರು ಅಕ್ಕಿ ತೌಡು, ಹಿಂಡಿ ಎಲ್ಲ ಸೇರಿಸಿ ಹುದುಗಿಸಿದ ಗೊಬ್ಬರಕ್ಕೆ ಬೊಕಾಶಿ ಅಂತ ಮೊದಲಿನಿಂದಲೂ ಕರೀತಿದ್ರು. ಈಗಿನ ಬಕೆಟ್ ಪದ್ಧತಿಯ ಬೇರು ಇರೋದು ಓಕಿನಾವಾದಲ್ಲಿ. ಅಲ್ಲಿನ ರ್ಯೂಕ್ಯು ವಿಶ್ವವಿದ್ಯಾಲಯದ ತೋಟಗಾರಿಕೆ ಪ್ರೊಫೆಸರ್ ತೆರುವೊ ಹಿಗಾ 1980ರ ದಶಕದಲ್ಲಿ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ, ಯೀಸ್ಟ್ ಮುಂತಾದ ಜೀವಿಗಳ ಒಂದು ಮಿಶ್ರಣವನ್ನ 'ಇಎಂ' ಅನ್ನೋ ಹೆಸರಲ್ಲಿ ಪ್ರಚಾರಕ್ಕೆ ತಂದ್ರು. ಅಂಗಡಿಯಲ್ಲಿ ಸಿಗೋ ಬೊಕಾಶಿ ಪುಡಿ ಅಂದ್ರೆ ಸಾಮಾನ್ಯವಾಗಿ ಈ ಮಿಶ್ರಣ ಹಚ್ಚಿದ ಗೋಧಿ ಬೂಸಾ, ಅಷ್ಟೆ. ಇಎಂ ಬಗ್ಗೆ ದೊಡ್ಡ ದೊಡ್ಡ ಮಾತುಗಳೂ ಇವೆ, ಅವೆಲ್ಲ ನಮಗೆ ಬೇಡ. ಬಕೆಟ್‌ನಲ್ಲಿ ಮುಖ್ಯ ಕೆಲಸ ಮಾಡೋದು ಲ್ಯಾಕ್ಟಿಕ್ ಬ್ಯಾಕ್ಟೀರಿಯಾ. ಅದು ನಮ್ಮ ಅಕ್ಕಿ ತೊಳೆದ ನೀರಲ್ಲೇ ಸಿಗುತ್ತೆ.

ಬೂಸಾ ಮನೆಯಲ್ಲೇ ಮಾಡ್ಕೊಳ್ಳೋದು

ನಾನು ಮಾಡೋ ಕ್ರಮ ಹೇಳ್ತೀನಿ. ಅಕ್ಕಿ ತೊಳೆದ ಮೊದಲ ನೀರನ್ನ ಅರ್ಧ ಬಾಟಲಿ ತುಂಬಿಸಿ, ಬಾಯಿಗೆ ಬಟ್ಟೆ ಕಟ್ಟಿ ಎರಡು ಮೂರು ದಿನ ಬಿಡಿ. ಸಣ್ಣಗೆ ಹುಳಿ ವಾಸನೆ ಬರುತ್ತೆ. ಅದರಲ್ಲಿ 50 ಎಂಎಲ್ ತೆಗೆದು, ಕಾಯಿಸದ ಅರ್ಧ ಲೀಟರ್ ಹಾಲಿಗೆ ಸೇರಿಸಿ, ಮುಚ್ಚಳ ಸಡಿಲವಾಗಿಟ್ಟು ಮತ್ತೆ ನಾಲ್ಕೈದು ದಿನ. ಹಾಲು ಒಡೆದು ಮೇಲೆ ಬಿಳಿ ಗಟ್ಟಿ, ಕೆಳಗೆ ತಿಳಿ ಹಳದಿ ನೀರು ಅಂತ ಬೇರೆಯಾಗುತ್ತೆ. ಸೋಸಿ ಆ ಹಳದಿ ನೀರು ಇಟ್ಕೊಳ್ಳಿ. ಅದೇ ನಮ್ಮ ಹೆಪ್ಪು. ಫ್ರಿಜ್‌ನಲ್ಲಿ ಕೆಲವು ವಾರ ಇರುತ್ತೆ.

ಆಮೇಲೆ ಹಿಂಡಿ-ಬೂಸಾ ಅಂಗಡಿಯಿಂದ ಒಂದು ಕಿಲೋ ಗೋಧಿ ಬೂಸಾ ತನ್ನಿ. ಎರಡು ದೊಡ್ಡ ಚಮಚ ಬೆಲ್ಲವನ್ನ ಸುಮಾರು 400 ಎಂಎಲ್ ನೀರಲ್ಲಿ ಕರಗಿಸಿ, ಎರಡು ದೊಡ್ಡ ಚಮಚ ಹೆಪ್ಪು ಹಾಕಿ, ಸ್ವಲ್ಪ ಸ್ವಲ್ಪವೇ ಬೂಸಾಕ್ಕೆ ಹಾಕ್ತಾ ಕಲಸಿ. ನಲ್ಲಿ ನೀರಾದರೆ ಕ್ಲೋರಿನ್ ಹೋಗಲಿ ಅಂತ ಹಿಂದಿನ ರಾತ್ರಿ ಅಗಲ ಪಾತ್ರೆಯಲ್ಲಿ ತೆರೆದಿಡಿ. ಹದ ಯಾವುದು ಅಂದ್ರೆ, ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು, ಬೆರಳಲ್ಲಿ ತಟ್ಟಿದರೆ ಉದುರಬೇಕು. ರವೆ ಉಂಡೆ ಕಟ್ಟೋರಿಗೆ ಇದು ಹೇಳಿಕೊಡೋದೇ ಬೇಡ. ಅಷ್ಟು ನೀರು ಪೂರ್ತಿ ಬೇಕಾಗದೆಯೂ ಇರಬಹುದು.

ಇದನ್ನ ದಪ್ಪ ಪ್ಲಾಸ್ಟಿಕ್ ಕವರಿಗೆ ಒತ್ತಿ ತುಂಬಿ, ಗಾಳಿ ತೆಗೆದು, ಬಿಗಿಯಾಗಿ ಕಟ್ಟಿ ಎರಡು ವಾರ ಕತ್ತಲಲ್ಲಿಡಿ. ತೆಗೆದಾಗ ಹುಳಿ ಹಿಟ್ಟಿನ ಘಮ ಬಂದರೆ ಸರಿ. ಮುಗ್ಗಲು ವಾಸನೆ, ಹಸಿರು ಬೂಷ್ಟು ಇದ್ದರೆ ಗಾಳಿ ಹೋಗಿದೆ ಅಂತ ಅರ್ಥ, ಬಿಸಾಕಿ. ಚೆನ್ನಾಗಿದ್ದರೆ ನೆರಳಲ್ಲಿ ಹರಡಿ ಒಣಗಿಸಿ ಡಬ್ಬಿಗೆ ಹಾಕಿಡಿ. ಒಂದು ಕಿಲೋ ನನಗೆ ಸುಮಾರು ಒಂದೂವರೆ ಬಕೆಟ್‌ಗೆ ಬರುತ್ತೆ. ಇಷ್ಟೆಲ್ಲ ಬೇಡ ಅನ್ನೋರು ರೆಡಿ ಪುಡಿ ತಗೊಳ್ಳಿ, ಫಲಿತಾಂಶದಲ್ಲಿ ವ್ಯತ್ಯಾಸ ಇಲ್ಲ.

ಬಕೆಟ್ ತುಂಬೋ ಮೂರು ವಾರ

ನಮ್ಮ ಮನೆಯಲ್ಲಿ ಇರೋದು ನಾನು ಮತ್ತೆ ನನ್ನ ರೂಮ್‌ಮೇಟ್. ಒಂದು ವಾರ ತಕ್ಕಡಿ ಇಟ್ಟು ನೋಡಿದೆ. ದಿನಕ್ಕೆ ಸರಾಸರಿ ಅರ್ಧ ಕಿಲೋ ಹಸಿ ಕಸ: ತರಕಾರಿ ಸಿಪ್ಪೆ, ಕಾಫಿ ಚರಟ, ಮಿಕ್ಕಿದ ಅನ್ನ, ಭಾನುವಾರದ ಕೋಳಿ ಮೂಳೆ. ನನ್ನ ಬಕೆಟ್ 15 ಲೀಟರ್‌ದು. ಕೆಳಗೆ ನಲ್ಲಿ ಇದೆ, ಒಳಗೆ ತೂತಿನ ತಟ್ಟೆ ಇದೆ. ಒತ್ತಿ ತುಂಬಿದರೆ ಅದರಲ್ಲಿ ಸುಮಾರು ಹತ್ತು ಕಿಲೋ ಹಿಡಿಯುತ್ತೆ. ಅಂದ್ರೆ ಇಪ್ಪತ್ತು ದಿನ. ಅದು ತುಂಬಿದ ಮೇಲೆ ಎರಡು ವಾರ ಮುಚ್ಚಿಡಬೇಕು, ಅಷ್ಟರಲ್ಲಿ ಎರಡನೇ ಬಕೆಟ್ ತುಂಬ್ತಿರುತ್ತೆ. ಹಾಗಾಗಿ ಎರಡು ಬಕೆಟ್ ಇಲ್ಲದೆ ಈ ಕೆಲಸ ನಡೆಯಲ್ಲ.

ದಿನಾ ಒಂದೇ ಸಲ ಮುಚ್ಚಳ ತೆಗೆಯೋದು ಮುಖ್ಯ. ಬೆಳಿಗ್ಗೆಯಿಂದ ಬಂದ ಕಸವನ್ನ ಒಂದು ಡಬ್ಬಿಯಲ್ಲಿ ಕೂಡಿಟ್ಟು, ರಾತ್ರಿ ಸಣ್ಣಗೆ ಹೆಚ್ಚಿ ಬಕೆಟ್‌ಗೆ ಹಾಕ್ತೀನಿ. ಮೇಲೆ ಒಂದು ಹಿಡಿ ಬೂಸಾ. ಅನ್ನ, ಮೀನು, ಮಾಂಸ ಇದ್ದ ದಿನ ಎರಡು ಹಿಡಿ. ಆಮೇಲೆ ಹಳೆ ತಟ್ಟೆಯೊಂದರಿಂದ ಗಟ್ಟಿಯಾಗಿ ಒತ್ತಿ, ಆ ತಟ್ಟೆಯನ್ನ ಅಲ್ಲೇ ಬಿಟ್ಟು ಮುಚ್ಚಳ ಹಾಕೋದು.

ಏನು ಹಾಕಬಾರದು? ನೀರಾಗಿರೋದು ಯಾವುದೂ ಬೇಡ. ಸಾಂಬಾರಿನ ತರಕಾರಿ ಸರಿ, ಸಾಂಬಾರು ಬೇಡ. ಮಜ್ಜಿಗೆ, ಹಾಲು ಬೇಡ. ತೆಂಗಿನ ಕರಟ, ಮಾವಿನ ವಾಟೆ, ದೊಡ್ಡ ಮೂಳೆ ಹಾಕಿದರೆ ಹಾಗೇ ಹೊರಗೆ ಬರ್ತಾವೆ. ಇನ್ನೊಂದು, ಆಗಲೇ ಕೊಳೆತು ಹಸಿರು ಬೂಷ್ಟು ಬಂದ ತರಕಾರಿ ಹಾಕಬೇಡಿ. ಕೆಟ್ಟ ಹಾಲಿನಿಂದ ಒಳ್ಳೆ ಮೊಸರು ಆಗಲ್ವಲ್ಲ, ಹಾಗೆ.

ಒಳಗೆ ಎಲ್ಲ ಸರಿ ಇದೆಯಾ ಅಂತ ಮೂಗು, ಕಣ್ಣಿಂದಲೇ ಗೊತ್ತಾಗುತ್ತೆ. ಹುಳಿ, ಸ್ವಲ್ಪ ವಿನೆಗರ್ ಥರ ವಾಸನೆ ಬಂದರೆ ಸರಿ. ಮೇಲೆ ಬಿಳಿ ಹತ್ತಿಯಂಥ ಬೂಷ್ಟು ಬಂದರೂ ಭಯ ಬೇಡ. ಹಸಿರು ಅಥವಾ ಕಪ್ಪು ಬೂಷ್ಟು, ಕೊಳೆತ ಮೊಟ್ಟೆಯ ವಾಸನೆ ಬಂದರೆ ಎಲ್ಲೋ ತಪ್ಪಾಗಿದೆ. ನನ್ನ ಅನುಭವದಲ್ಲಿ ಕಾರಣ ಯಾವಾಗಲೂ ಎರಡೇ: ನೀರು ಜಾಸ್ತಿ, ಇಲ್ಲವೇ ಬೂಸಾ ಕಡಿಮೆ. ನೀರು ಬಸಿದು, ಹಸಿರಾದ ಭಾಗ ತೆಗೆದುಹಾಕಿ, ಎರಡು ಮೂರು ಹಿಡಿ ಬೂಸಾ ಸುರಿದು, ಒತ್ತಿ ಮುಚ್ಚಿ. ಒಂದು ವಾರದಲ್ಲಿ ಹುಳಿ ವಾಸನೆ ವಾಪಸ್ ಬಂದರೆ ಉಳೀತು. ಬಿಳಿ ಹುಳ ಕಂಡರೆ ಕಸ ಬಕೆಟ್‌ಗೆ ಬೀಳೋ ಮೊದಲೇ ನೊಣ ಮೊಟ್ಟೆ ಇಟ್ಟಿದೆ ಅಂತ ಅರ್ಥ. ಹಗಲು ಕೂಡಿಡೋ ಡಬ್ಬಿಗೂ ಮುಚ್ಚಳ ಬೇಕು, ನಾನು ಇದನ್ನ ಕಲಿತದ್ದು ಬೇಸಿಗೆಯಲ್ಲಿ.

ಇನ್ನು ನಲ್ಲಿಯಿಂದ ಬರೋ ನೀರು. ಎರಡು ಮೂರು ದಿನಕ್ಕೊಮ್ಮೆ ಬಸೀಲೇಬೇಕು. ನನಗೆ ಒಂದೊಂದು ಸಲಕ್ಕೆ ಒಂದು ಲೋಟ ಬರುತ್ತೆ, ಕಲ್ಲಂಗಡಿ ಕಾಲದಲ್ಲಿ ಜಾಸ್ತಿ. ಇದನ್ನ 'ಟೀ' ಅಂತ ಕರೆದು ಗಿಡಕ್ಕೆ ಹಾಕಿ ಅಂತಾರೆ. ಹಾಕಬಹುದು, ಆದ್ರೆ ಒಂದು ಚಮಚಕ್ಕೆ ನೂರು ಚಮಚ ನೀರು ಬೆರೆಸಿ, ಅಂದ್ರೆ ಒಂದು ಲೀಟರ್ ನೀರಿಗೆ ಎರಡು ಟೀ ಚಮಚ, ಮತ್ತೆ ಅವತ್ತೇ. ಇಟ್ಟರೆ ಕೆಡುತ್ತೆ. ಕುಂಡದ ಗಿಡಕ್ಕೆ ನಾನು ಅದನ್ನೂ ಅರ್ಧ ಮಾಡ್ತೀನಿ. ಉಪ್ಪು ಇರೋ ಊಟದ ಕಸದಿಂದ ಬಂದ ನೀರಾದರೆ ಬಚ್ಚಲ ಮೋರಿಗೆ ಸುರಿಯೋದೇ ವಾಸಿ. ಒಂದು ಎಚ್ಚರಿಕೆ ಏನಂದ್ರೆ, ಬಕೆಟ್ ಬಾಲ್ಕನಿಯಲ್ಲಿದ್ದರೆ ನಲ್ಲಿ ಕೆಳಗೆ ಒಂದು ಟ್ರೇ ಇಡಿ. ನನ್ನ ನಲ್ಲಿ ಒಂದು ರಾತ್ರಿ ತೊಟ್ಟಿಕ್ಕಿ ಕೆಳಗಿನ ಮನೆ ಆಂಟಿಯ ಒಣಗಿಸಿದ ಬೆಡ್‌ಶೀಟ್ ಮೇಲೆ ಬಿದ್ದಿತ್ತು. ಆ ವಿಷಯ ಇಷ್ಟಕ್ಕೇ ಸಾಕು.

ಗಿಡ ಯಾಕೆ ಸತ್ತಿತು

ಈಗ ಕರಿಬೇವಿನ ವಿಷಯಕ್ಕೆ ಬರ್ತೀನಿ. ನನ್ನ ಮೊದಲ ಬಕೆಟ್ ಎರಡು ವಾರ ಮುಗಿಸಿದಾಗ ಮುಚ್ಚಳ ತೆಗೆದು ನೋಡಿದೆ. ಬೀನ್ಸ್ ಬೀನ್ಸ್ ಥರಾನೇ ಇತ್ತು, ಬಾಳೆಹಣ್ಣಿನ ಸಿಪ್ಪೆ ಕಂದು ಆಗಿತ್ತು ಅಷ್ಟೆ, ಅನ್ನದ ಅಗುಳು ಅಗುಳಾಗೇ ಇತ್ತು. ಇಷ್ಟೇನಾ ಅನ್ನಿಸಿತು. ಆದ್ರೂ ವಾಸನೆ ಸರಿ ಇತ್ತು, ಬಿಳಿ ಬೂಷ್ಟು ಇತ್ತು, ಪುಸ್ತಕದ ಪ್ರಕಾರ ಪಾಸು. ಖುಷಿಯಲ್ಲಿ ಕರಿಬೇವಿನ ಕುಂಡದ ಮಣ್ಣು ಕೆದಕಿ, ಬೇರಿನ ಸುತ್ತ ನಾಲ್ಕು ದೊಡ್ಡ ಹಿಡಿ ತುಂಬಿ, ಮಣ್ಣು ಮುಚ್ಚಿದೆ.

ಅಲ್ಲಿ ಎರಡು ಹೊಡೆತ ಬಿತ್ತು. ಮೊದಲನೇದು ಹುಳಿ. ಪಿಎಚ್ ನಾಲ್ಕು ಅಂದ್ರೆ ಬೇರಿನ ತುದಿಯ ಎಳೆ ಕೂದಲುಗಳು ಸುಟ್ಟುಹೋಗೋ ಮಟ್ಟ. ಎರಡನೇದು ಉಸಿರು. ಉಪ್ಪಿನಕಾಯಿಯಾದ ಕಸ ಮಣ್ಣಿಗೆ ಬಿದ್ದ ತಕ್ಷಣ ಮಣ್ಣಿನ ಜೀವಿಗಳಿಗೆ ಅದು ಹಬ್ಬದೂಟ. ಒಮ್ಮೆಗೇ ಅವು ಹೆಚ್ಚಾಗ್ತಾವೆ, ಮಣ್ಣಿನೊಳಗಿನ ಆಮ್ಲಜನಕವನ್ನೆಲ್ಲ ಎಳ್ಕೊಳ್ತಾವೆ. ತೋಟದಲ್ಲಾದರೆ ಪಕ್ಕದ ಮಣ್ಣಿಂದ ಗಾಳಿ ಬರುತ್ತೆ, ಬೇರು ದೂರ ಸರಿಯುತ್ತೆ. ಹನ್ನೆರಡು ಇಂಚಿನ ಕುಂಡದಲ್ಲಿ ಬೇರಿಗೆ ಓಡೋಕೆ ಜಾಗ ಎಲ್ಲಿ?

ಹಾಗಾದ್ರೆ ಬಕೆಟ್‌ನಲ್ಲಿ ನಡೆದ ಕೆಲಸ ಏನು? ಕಸವನ್ನ ಕೆಡದಂತೆ ಹಿಡಿದಿಟ್ಟಿದೆ, ಮೃದು ಮಾಡಿದೆ, ಬೇಗ ಕರಗೋ ಹಾಗೆ ತಯಾರು ಮಾಡಿದೆ. ಕರಗಿಸೋ ಕೆಲಸ ಇನ್ನೂ ಶುರುವಾಗೇ ಇಲ್ಲ. ಅದನ್ನ ಮಾಡೋದು ಮಣ್ಣು. ಬೊಕಾಶಿಯ ಎರಡನೇ ಅರ್ಧ ಅಂದ್ರೆ ಇದು. ಫ್ಲ್ಯಾಟ್‌ನಲ್ಲಿ ಇರೋರು ಸಿಕ್ಕಿಹಾಕ್ಕೊಳ್ಳೋದೂ ಇಲ್ಲೇ, ಯಾಕಂದ್ರೆ ನಮ್ಮ ಹತ್ತಿರ ಇಲ್ಲದೆ ಇರೋದೇ ಮಣ್ಣು.

ಬಾಲ್ಕನಿಯಲ್ಲಿ ಮಣ್ಣಿನ ಡಬ್ಬ

ಇದಕ್ಕೆ ಒಂದು ಉಪಾಯ ಇದೆ. ಗಿಡ ಇಲ್ಲದ, ಬರೀ ಮಣ್ಣಿನ ಒಂದು ಡಬ್ಬ ಇಟ್ಕೊಳ್ಳೋದು. ಉಪ್ಪಿನಕಾಯಿ ಗಿಡದ ಹತ್ತಿರ ಹೋಗೋದೇ ಇಲ್ಲ, ಈ ಡಬ್ಬಕ್ಕೆ ಹೋಗುತ್ತೆ. ಅಲ್ಲಿ ಮಣ್ಣಾಗಿ ಆಮೇಲೆ ಗಿಡಕ್ಕೆ.

ನಾನು ಮಾಡಿದ್ದನ್ನ ಹಾಗೇ ಹೇಳ್ತೀನಿ. 50 ಲೀಟರ್ ಹಿಡಿಯೋ ಪ್ಲಾಸ್ಟಿಕ್ ಡಬ್ಬ, ಬುಡದಲ್ಲಿ ಆರೇಳು ತೂತು, ಕೆಳಗೆ ಟ್ರೇ. ಇಡೋ ಜಾಗ ಮೊದಲೇ ನೋಡ್ಕೊಳ್ಳಿ. ತೇವದ ಮಣ್ಣು ತುಂಬಿದ ಮೇಲೆ ಒಬ್ಬರ ಕೈಲಿ ಎತ್ತೋಕಾಗಲ್ಲ. ಬಾಲ್ಕನಿಯ ಅಂಚಿಗಿಂತ ಗೋಡೆ ಕಡೆ ಇರಲಿ. ಮಳೆ, ನೇರ ಬಿಸಿಲು ಎರಡೂ ಬೀಳದಿದ್ದರೆ ಒಳ್ಳೇದು.

ಮಣ್ಣು ಎಲ್ಲಿಂದ? ಸತ್ತ ಗಿಡಗಳ ಹಳೆ ಕುಂಡದ ಮಣ್ಣು. ಕರಿಬೇವಿನ ಕುಂಡದ್ದೂ ಇದಕ್ಕೇ ಹೋಯ್ತು. ಒಟ್ಟು 25 ಲೀಟರ್‌ನಷ್ಟು, ಅಂದ್ರೆ ಎರಡು ಸಣ್ಣ ಬಕೆಟ್. ಬರೀ ಕೋಕೋಪೀಟ್ ಆದರೆ ಸಾಲದು. ಅದರಲ್ಲಿ ಕರಗಿಸೋ ಜೀವಿಗಳು ಕಡಿಮೆ. ನಿಜವಾದ ಮಣ್ಣು ಅರ್ಧವಾದರೂ ಇರಬೇಕು. ಜೊತೆಗೆ ಒಂದು ಹಿಡಿ ಹಳೆ ಕಾಂಪೋಸ್ಟ್ ಸಿಕ್ಕರೆ ಇನ್ನೂ ಒಳ್ಳೇದು.

ಬಕೆಟ್‌ನಲ್ಲಿದ್ದ ಉಪ್ಪಿನಕಾಯಿ ಕುಗ್ಗಿ ಸುಮಾರು 12 ಲೀಟರ್ ಆಗಿತ್ತು. ಅಳತೆ ಅಂದ್ರೆ ಒಂದು ಪಾಲು ಉಪ್ಪಿನಕಾಯಿಗೆ ಎರಡು ಪಾಲು ಮಣ್ಣು. ಡಬ್ಬದ ತಳಕ್ಕೆ ಎರಡಿಂಚು ಮಣ್ಣು ಹಾಕಿ. ಮಿಕ್ಕಿದ್ದರಲ್ಲಿ ಸ್ವಲ್ಪ ಎತ್ತಿಟ್ಟು, ಉಳಿದ ಮಣ್ಣಿಗೆ ಉಪ್ಪಿನಕಾಯಿ ಸುರಿದು ಕೈಗವಸು ಹಾಕ್ಕೊಂಡು ಚೆನ್ನಾಗಿ ಕಲಸಿ. ಪದರ ಪದರ ಹಾಕಿ ಬಿಟ್ಟರೆ ಆಗಲ್ಲ. ಪ್ರತಿ ಸಿಪ್ಪೆಗೂ ಮಣ್ಣು ಮೆತ್ತಬೇಕು, ದೊಡ್ಡ ತುಂಡುಗಳನ್ನ ಕೊಚ್ಚಿಬಿಡಿ. ಮೇಲೆ ಎತ್ತಿಟ್ಟ ಮಣ್ಣನ್ನ ಎರಡಿಂಚು ಹರಡಿ ಮುಚ್ಚಿ. ಡಬ್ಬದ ಬಾಯಿಗೆ ಹಳೆ ಕಾಟನ್ ಬಟ್ಟೆ ಕಟ್ಟಿ. ಈಗ ಗಾಳಿ ಬೇಕು, ನೊಣ ಬೇಡ. ಬಕೆಟ್‌ಗೂ ಡಬ್ಬಕ್ಕೂ ಇರೋ ವ್ಯತ್ಯಾಸ ಇದು.

ಕಲಸೋ ದಿನ ವಾಸನೆ ಇರುತ್ತೆ, ಸುಳ್ಳು ಹೇಳಲ್ಲ. ಹುಳಿ ವಾಸನೆ, ಒಂದರ್ಧ ಗಂಟೆ ಜೋರಾಗಿ, ಆಮೇಲೆ ಎರಡು ದಿನ ಸಣ್ಣಗೆ. ನಾನು ಮಧ್ಯಾಹ್ನ ಮಾಡ್ತೀನಿ, ಯಾರೂ ಬಾಲ್ಕನಿಯಲ್ಲಿ ಕೂರದ ಹೊತ್ತು.

ಮೊದಲ ವಾರ ಕೈ ಹಾಕಿದರೆ ಮಣ್ಣು ಸ್ವಲ್ಪ ಬೆಚ್ಚಗಿರುತ್ತೆ, ಕೆಲಸ ನಡೀತಿದೆ ಅಂತ ಅರ್ಥ. ಎರಡನೇ ವಾರ ಒಮ್ಮೆ ಬುಡದವರೆಗೆ ತಿರುವಿ. ಆಗ ಅನ್ನ, ಹಣ್ಣಿನ ಸಿಪ್ಪೆ ಕಾಣಿಸೋದೇ ಇಲ್ಲ. ನಾಲ್ಕನೇ ವಾರಕ್ಕೆ ಎಲೆ, ಬೀನ್ಸ್, ಮೀನಿನ ಮುಳ್ಳಿನ ಸುತ್ತಲಿನದು ಎಲ್ಲ ಹೋಗಿರುತ್ತೆ. ಮೊಟ್ಟೆ ಸಿಪ್ಪೆ, ಮೂಳೆ, ಕಿತ್ತಳೆ ಸಿಪ್ಪೆಯ ಚೂರು ಉಳೀತಾವೆ, ಅವನ್ನ ಆರಿಸಿ ಮುಂದಿನ ಸಲದ ಡಬ್ಬಕ್ಕೆ ಹಾಕಿ. ಚಳಿಗಾಲದಲ್ಲಿ ಇದಕ್ಕೆ ಇನ್ನೆರಡು ವಾರ ಸೇರಿಸಿಕೊಳ್ಳಿ.

ತಿರುವಿದಾಗ ಕೊಳೆತ ವಾಸನೆ ಬಂದರೆ ಮಣ್ಣು ಜೌಗಾಗಿದೆ. ಒಣ ಮಣ್ಣೋ, ಒಣಗಿದ ಎಲೆಯ ಪುಡಿಯೋ ಸೇರಿಸಿ ಸಡಿಲ ಮಾಡಿ. ಮೂರು ವಾರವಾದರೂ ತುಂಡುಗಳು ಹಾಗೇ ಇದ್ದರೆ ಉಲ್ಟಾ, ಒಣಗಿಹೋಗಿದೆ. ನೀರು ಚಿಮುಕಿಸಿ. ಹದ ಮತ್ತದೇ, ಮುಷ್ಟಿಯಲ್ಲಿ ಉಂಡೆಯಾಗಬೇಕು, ತೊಟ್ಟಿಕ್ಕಬಾರದು.

ಈಗ ಇದು ಗಿಡಕ್ಕೆ ಹಾಕಲು ಸರಿಯಾಗಿದೆಯಾ? ಈ ಸಲ ನಾನು ಕಣ್ಣು ನಂಬಲಿಲ್ಲ. ಒಂದು ಕಾಫಿ ಲೋಟಕ್ಕೆ ಆ ಮಣ್ಣು ತುಂಬಿ ಹತ್ತು ಮೆಂತ್ಯದ ಕಾಳು, ಇನ್ನೊಂದು ಲೋಟಕ್ಕೆ ಮಾಮೂಲಿ ಮಣ್ಣು ತುಂಬಿ ಹತ್ತು ಕಾಳು ಹಾಕಿದೆ. ಎರಡೂ ನಾಲ್ಕೈದು ದಿನದಲ್ಲಿ ಒಂದೇ ಥರ ಮೊಳೆತರೆ, ಕಿತ್ತು ನೋಡಿದಾಗ ಬೇರು ಬೆಳ್ಳಗಿದ್ದರೆ ಮಣ್ಣು ಸಿದ್ಧ. ನನ್ನ ಎರಡನೇ ವಾರದ ಮಣ್ಣಲ್ಲಿ ಮೂರೇ ಮೊಳೆತಿದ್ದವು, ಬೇರಿನ ತುದಿ ಕಂದಾಗಿತ್ತು. ಐದನೇ ವಾರ ಒಂಬತ್ತು ಮೊಳೆತವು. ಮೊದಲೇ ಹತ್ತು ಕಾಳು ಮೆಂತ್ಯ ಖರ್ಚು ಮಾಡಿದ್ದರೆ ಕರಿಬೇವು ಉಳೀತಿತ್ತು.

ಡಬ್ಬ ತುಂಬಿ ಹೋಗಲ್ವಾ?

ಇದು ನನ್ನ ರೂಮ್‌ಮೇಟ್ ಕೇಳಿದ ಪ್ರಶ್ನೆ. ಮೂರು ವಾರಕ್ಕೊಮ್ಮೆ 12 ಲೀಟರ್ ಬರ್ತಾ ಹೋದರೆ ವರ್ಷಕ್ಕೆ ಬಾಲ್ಕನಿಯಲ್ಲಿ ನಾವಿರೋಕೆ ಜಾಗ ಇರಲ್ಲ ಅಂತ. ನಾನು ಬಿಕಾಂ ಓದಿದವಳು, ಒಂದು ಹಾಳೆ ತಗೊಂಡು ಜಮಾ-ಖರ್ಚು ಬರೆದೆ.

ಜಮಾ ಹತ್ತು ಕಿಲೋ ಕಸ. ಅದರಲ್ಲಿ ಮುಕ್ಕಾಲು ಭಾಗಕ್ಕಿಂತ ಹೆಚ್ಚು ನೀರೇ. ಉಳಿದ ಎರಡು, ಎರಡೂವರೆ ಕಿಲೋ ಒಣ ಅಂಶದಲ್ಲಿ ದೊಡ್ಡ ಪಾಲನ್ನ ಮಣ್ಣಿನ ಜೀವಿಗಳು ತಿಂದು ಗಾಳಿಗೆ ಬಿಡ್ತಾವೆ. ಕೊನೆಗೆ ಮಣ್ಣಿಗೆ ಸೇರೋದು ಒಂದು ಕಿಲೋ ಆಸುಪಾಸು. ನನ್ನ ಡಬ್ಬದಲ್ಲಿ ನೋಡಿದಾಗಲೂ ಹಾಗೇ ಇತ್ತು. ಕಲಸಿದ ದಿನ ಬಾಯಿಗಿಂತ ನಾಲ್ಕು ಬೆರಳು ಕೆಳಗಿದ್ದ ಮಣ್ಣು, ಆರು ವಾರಕ್ಕೆ ಹೆಚ್ಚು ಕಡಿಮೆ ಮೊದಲಿದ್ದ 25 ಲೀಟರ್ ಮಟ್ಟಕ್ಕೇ ಇಳಿದಿತ್ತು. ಸ್ವಲ್ಪ ಕಪ್ಪಾಗಿ, ಸಡಿಲವಾಗಿ.

ಅಂದ್ರೆ ಅದೇ ಮಣ್ಣನ್ನ ಮತ್ತೆ ಮತ್ತೆ ಬಳಸಬಹುದು. ಫ್ಲ್ಯಾಟ್‌ನಲ್ಲಿ ಬೊಕಾಶಿ ನಡೆಯೋದು ಈ ಒಂದು ಕಾರಣಕ್ಕೆ. ಆದ್ರೆ ಬಕೆಟ್ ಮೂರು ವಾರಕ್ಕೆ ತುಂಬುತ್ತೆ, ಮಣ್ಣಿಗೆ ಬೇಕಾಗೋದು ನಾಲ್ಕರಿಂದ ಆರು ವಾರ. ಹಾಗಾಗಿ ಡಬ್ಬಗಳೂ ಎರಡು ಬೇಕು, ಒಂದಾದ ಮೇಲೆ ಒಂದಕ್ಕೆ. ಇನ್ನೊಂದು ಅನುಕೂಲ ಇದೆ. ಬಿಗಿಯಾಗಿ ಮುಚ್ಚಿದ ಬಕೆಟ್ ಎರಡು ವಾರಕ್ಕೇ ತೆಗೀಬೇಕು ಅಂತೇನಿಲ್ಲ. ನೀರು ಬಸೀತಾ ಇದ್ದರೆ ಇನ್ನೂ ಕೆಲವು ವಾರ ಕೆಡದೆ ಕಾಯುತ್ತೆ. ಉಪ್ಪಿನಕಾಯಿ ತಾನೆ.

ಈ ಲೆಕ್ಕದಲ್ಲಿ ಗಾಳಿಗೆ ಹೋಗದೆ ಉಳಿಯೋದು ಒಂದಿದೆ, ಅದು ಉಪ್ಪು. ನಮ್ಮ ಊಟದಲ್ಲಿ ಉಪ್ಪು ಜಾಸ್ತಿ. ಮಿಕ್ಕಿದ ಚಿತ್ರಾನ್ನ, ಪಲ್ಯ, ನಿಜವಾದ ಉಪ್ಪಿನಕಾಯಿ ಎಲ್ಲದರ ಉಪ್ಪು ಪ್ರತಿ ಸುತ್ತಿನಲ್ಲೂ ಅದೇ ಮಣ್ಣಿಗೆ ಸೇರುತ್ತೆ. ನಾಲ್ಕನೇ ಸುತ್ತಿನ ನಂತರ ನನ್ನ ಡಬ್ಬದ ಅಂಚಲ್ಲಿ ಬಿಳಿ ಪೊರೆ ಕಾಣಿಸ್ತು, ಆ ಮಣ್ಣಲ್ಲಿ ನೆಟ್ಟ ಪುದೀನದ ಎಲೆ ತುದಿ ಸುಟ್ಟಂತಾಯ್ತು. ಈಗ ಉಪ್ಪಿನಕಾಯಿ, ಹಪ್ಪಳ ಬಕೆಟ್‌ಗೆ ಹಾಕಲ್ಲ. ಅನ್ನ-ಪಲ್ಯವನ್ನ ಒಮ್ಮೆ ನೀರಲ್ಲಿ ತೊಳೆದು ಬಸಿದು ಹಾಕ್ತೀನಿ. ಮೂರು ಸುತ್ತಿಗೊಮ್ಮೆ ಅರ್ಧ ಮಣ್ಣನ್ನ ಕುಂಡಗಳಿಗೆ ಕೊಟ್ಟು ಅಷ್ಟೇ ಹಳೆ ಕುಂಡದ ಮಣ್ಣು ಸೇರಿಸ್ತೀನಿ. ಕುಂಡಕ್ಕೆ ಹಾಕುವಾಗಲೂ ಇದನ್ನೇ ಪೂರ್ತಿ ತುಂಬಬೇಡಿ. ಒಂದು ಪಾಲು ಇದು, ಎರಡು ಪಾಲು ಮಾಮೂಲಿ ಮಣ್ಣು.

ಬಾಲ್ಕನಿಯೇ ಇಲ್ಲ ಅನ್ನೋರಿಗೆ ಎರಡು ದಾರಿ ಇದೆ. ನಿಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಕಾಂಪೋಸ್ಟ್ ಗುಂಡಿ ಇದ್ದರೆ ಕೇಳಿ ಅದಕ್ಕೆ ಹಾಕಬಹುದು, ಒಮ್ಮೆಗೇ ಅಲ್ಲ, ಒಣ ಎಲೆ ಜೊತೆ ಸ್ವಲ್ಪ ಸ್ವಲ್ಪ. ಇಲ್ಲವೇ ಊರಿಗೆ ಹೋಗುವಾಗ ತಗೊಂಡು ಹೋಗಿ ಒಂದಡಿ ಆಳ ಹೂಳಬಹುದು, ಗಿಡದ ಬುಡದಿಂದ ದೂರ. ಒಂದಡಿಗಿಂತ ಮೇಲೆ ಹೂತರೆ ನಾಯಿ, ಹೆಗ್ಗಣ ಕೆದಕ್ತಾವೆ. ಈ ಎರಡೂ ಇಲ್ಲ ಅಂದ್ರೆ ಬೊಕಾಶಿ ಶುರು ಮಾಡಬೇಡಿ ಅಂತಲೇ ನಾನು ಹೇಳೋದು. ಹಸಿ ಕಸ ಬೇರೆ ಮಾಡಿ ಗಾಡಿಗೆ ಕೊಡಿ. ಕೊನೆಗೆ ಜಾಗ ಇಲ್ಲದ ಉಪ್ಪಿನಕಾಯಿ ಬಕೆಟ್ ಸಮೇತ ಹಸಿ ಕಸಕ್ಕೇ ಹೋಗುತ್ತೆ. ಅಷ್ಟಕ್ಕೆ ಬೂಸಾ ಯಾಕೆ ಖರ್ಚು?

ಕೊನೆಗೆ

ಒಂದು ತಿಂಗಳು ಸುಳ್ಳು ಹೇಳಿದ ಮೇಲೆ ಅಮ್ಮನಿಗೆ ನಿಜ ಹೇಳಿದೆ. ಒಂದು ಕ್ಷಣ ಸುಮ್ಮನಿದ್ದು, "ತಿಪ್ಪೆ ಗೊಬ್ಬರಾನೂ ಹಸಿಯಾಗಿ ಹಾಕಿದ್ರೆ ಗಿಡ ಸುಡುತ್ತೆ ಕಣೇ, ಮಾಗಬೇಕು. ನನ್ನ ಒಂದು ಮಾತು ಕೇಳಿದ್ರೆ ಆಗ್ತಿರಲಿಲ್ವಾ?" ಅಂದ್ರು. ಈ ಸಂಚಿಕೆಯ ಅರ್ಧ ಗಂಟೆಯನ್ನ ಅಮ್ಮ ಒಂದು ಸಾಲಲ್ಲಿ ಹೇಳಿಬಿಟ್ರು.

ಊರಿನ ದೊಡ್ಡ ಕರಿಬೇವಿನ ಬುಡದಲ್ಲಿ ಬೇರಿಂದ ಮರಿಗಳು ಏಳ್ತಾನೇ ಇರ್ತಾವೆ. ಅದರಲ್ಲಿ ಒಂದನ್ನ ಮತ್ತೆ ಕಿತ್ತು ಕೊಟ್ಟಿದ್ದಾರೆ, ಈ ಸಲ ನಾನೇ ಬಸ್ಸಿನಲ್ಲಿ ತೊಡೆ ಮೇಲೆ ಇಟ್ಕೊಂಡು ಬಂದೆ. ಡಬ್ಬದ ಮಣ್ಣು ಒಂದು ಪಾಲು, ಊರಿನ ಕೆಂಪು ಮಣ್ಣು ಎರಡು ಪಾಲು ಹಾಕಿ ನೆಟ್ಟಿದ್ದೀನಿ. ನೆಡೋ ಮೊದಲು ಮೆಂತ್ಯ ಹಾಕಿ ನೋಡಿದ್ದೀನಿ. ನಾಲ್ಕು ತಿಂಗಳಾಯ್ತು, ಒಂದೂವರೆ ಅಡಿ ಇದೆ. ಒಗ್ಗರಣೆಗೆ ಕೀಳೋಕೆ ಇನ್ನೂ ಮನಸ್ಸು ಬಂದಿಲ್ಲ, ಅಂಗಡಿಯಿಂದಲೇ ತರ್ತಿದ್ದೀನಿ.

ನಿಮ್ಮ ಬಕೆಟ್ ಏನಾದರೂ ಎಡವಟ್ಟಾಗಿದ್ದರೆ ಬರೆದು ಕಳಿಸಿ. ವಾಸನೆ ಹೇಗಿದೆ, ಬೂಷ್ಟು ಯಾವ ಬಣ್ಣ, ಕೊನೆಯ ಸಲ ನೀರು ಬಸಿದಿದ್ದು ಯಾವಾಗ, ಈ ಮೂರನ್ನ ಬರೀರಿ, ಅಷ್ಟರಲ್ಲೇ ಸಾಮಾನ್ಯವಾಗಿ ಕಾರಣ ಗೊತ್ತಾಗುತ್ತೆ. ಮುಂದಿನ ವಾರ ಸಿಗೋಣ, ನಮಸ್ಕಾರ.